ಸ್ಟೋರ್‌ಕೀಪರ್ ಯಾಕೂಬ್ ಮಾಡಿದ ಅನುವಾದ

ಯಾಕೂಬ್‌ಗೆ ಚೀನೀ ಭಾಷೆಯಲ್ಲಿ ಮೂರೇ ಮೂರು ಮಾತು ಓದಲು ಬರುತ್ತಿತ್ತು: ಈ ಬದಿ ಮೇಲೆ, ಒಡೆಯುವ ವಸ್ತು, ನೀರು ತಾಗಬಾರದು. ರಾಸ್ ಅಲ್ ಖೋರಿನಲ್ಲಿ ಕಾರಿನ ಬಿಡಿಭಾಗಗಳ ಗೋದಾಮಿನ ಸ್ಟೋರ್‌ಕೀಪರ್ ಆದವನಿಗೆ ಅಷ್ಟು ಸಾಕು. ಕಂಪೆನಿಯ ಯಜಮಾನರು ಚೀನಾದವರು, ಮಾಲು ಚೀನಾದ್ದು, ರಟ್ಟಿನ ಪೆಟ್ಟಿಗೆಗಳ ಮೇಲಿನ ಬರಹ ಚೀನಾದ್ದು. ಐವತ್ತೆಂಟು ವರ್ಷದ ಬಾಳಿನಲ್ಲಿ ಅರ್ಧ ಉಳ್ಳಾಲಕ್ಕೆ, ಅರ್ಧ ದುಬೈಗೆ ಕೊಟ್ಟಿದ್ದ ಯಾಕೂಬ್, ಆ ಮೂರು ಮಾತುಗಳನ್ನು ಹುಟ್ಟುವ ಮನುಷ್ಯರ ಬೆನ್ನ ಮೇಲೂ ಅಚ್ಚುಹಾಕಿ ಕಳಿಸಿದ್ದರೆ ಸಂಸಾರ ಎಷ್ಟೋ ಸಲೀಸಾಗುತ್ತಿತ್ತು ಎಂದು ನಗೆಯಾಡುವುದಿತ್ತು. ಒಡೆಯುವ ವಸ್ತು ತನ್ನ ಮನೆಯಲ್ಲೇ ಇದೆ ಎಂದು ಆಗ ಗೊತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಖುಸೈಸಿನ ಫ್ಲ್ಯಾಟಿನಲ್ಲಿ ಚಾ ಸೋಸುತ್ತಿದ್ದ ಹೆಂಡತಿ ಹಲೀಮಳ ಬಲಗೈಯಿಂದ ಪಾತ್ರೆ ಜಾರಿತು. ಯಾಕೂಬ್ ಓಡಿ ಬಂದಾಗ ಅವಳು ಒಲೆಯ ಬುಡದಲ್ಲಿ ಕುಳಿತು ಏನೋ ಹೇಳಲು ಬಾಯಿ ತೆರೆಯುತ್ತಿದ್ದಳು. ಮಾತು ಬರಲಿಲ್ಲ. ಮೆದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ, ಮಾತಿನ ಕೋಣೆ ಇರುವುದು ಅಲ್ಲೇ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮೂರು ವಾರದಲ್ಲಿ ಹಲೀಮ ನಡೆದಾಡಿದಳು. ಬಲಗೈ ಮಾತ್ರ ಹೇಳಿದ್ದು ಕೇಳದ ಹಾಗಾಗಿತ್ತು. ಬೇರೆಯವರು ಆಡಿದ್ದು ಅವಳಿಗೆ ಅರ್ಥವಾಗುತ್ತಿತ್ತು. ಆಡಬೇಕಾದ್ದು ಗಂಟಲವರೆಗೆ ಬಂದು, ದಾರಿ ತಪ್ಪಿದವರಂತೆ ಅಲ್ಲೇ ನಿಂತುಬಿಡುತ್ತಿತ್ತು.

ವಿಚಿತ್ರವೆಂದರೆ ನಮಾಜಿಗೆ ಕುಳಿತಾಗ ಸೂರಾಗಳೆಲ್ಲ ಒಂದಕ್ಷರ ಬಿಡದೆ ಹೊಳೆಯಂತೆ ಹರಿದು ಬರುತ್ತಿದ್ದವು. ಸಲಾಮ್ ಹೇಳಿ ಮುಖ ತಿರುಗಿಸಿದ ಮರುಗಳಿಗೆ ‘ನೀರು’ ಎನ್ನಲು ಬಾರದೆ ಲೋಟದ ಕಡೆ ಕೈ ತೋರಿಸುತ್ತಿದ್ದಳು. ಬಾಯಿಪಾಠ ಉಳಿದಿತ್ತು, ಬಾಯಿಮಾತು ಹೋಗಿತ್ತು.

ಊದ್ ಮೇಥಾದ ಒಂದು ಕ್ಲಿನಿಕ್ಕಿನಲ್ಲಿ ಮಾತಿನ ಚಿಕಿತ್ಸೆ ಮಾಡುವ ಶರ್ಮಿಳಾ ಸಿಕ್ಕಿದ್ದು ಪುಣ್ಯ. ಕಾಪುವಿನ ಕಡೆಯ ಹುಡುಗಿ, ಕನ್ನಡದಲ್ಲಿ ಮಾತಾಡಿಸುತ್ತಿದ್ದಳು. ಹಲೀಮ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು. ಮನೆಯ ಮಾತು ಬ್ಯಾರಿ. ಅದನ್ನು ಈ ಕಥೆಯಲ್ಲಿ ಕನ್ನಡಕ್ಕೆ ಇಳಿಸಿಯೇ ಹೇಳಬೇಕು. ಮೊದಲ ದಿನವೇ ಶರ್ಮಿಳಾ ಯಾಕೂಬ್‌ನನ್ನು ಹೊರಗೆ ಕರೆದು ವಿವರವಾಗಿ ಹೇಳಿದಳು. ಮೊದಲ ಕೆಲವು ತಿಂಗಳಲ್ಲಿ ಮಾತು ಹೆಚ್ಚು ಮರಳುತ್ತದೆ, ಆಮೇಲೂ ಬರುತ್ತದೆ, ಆದರೆ ನಿಧಾನ. ಮನೆಯಲ್ಲೂ ಅಭ್ಯಾಸ ಮಾಡಿಸಿ, ಹತ್ತು ಹದಿನೈದು ನಿಮಿಷ, ಸುಸ್ತಾದರೆ ನಿಲ್ಲಿಸಿ. ತಪ್ಪು ತಪ್ಪು ಎಂದು ತಿದ್ದಬೇಡಿ. ಅರ್ಧ ಬಂದ ಮಾತನ್ನೂ ಪೂರ್ತಿ ಬಂದ ಹಾಗೆ ತೆಗೆದುಕೊಳ್ಳಿ.

ಇಷ್ಟರಲ್ಲಿ ಯಾಕೂಬ್ ಕೇಳಿಸಿಕೊಂಡದ್ದು ‘ಮೊದಲ ಕೆಲವು ತಿಂಗಳು’ ಎಂಬುದನ್ನು ಮಾತ್ರ. ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಮಾರ್ಚ್ ಕೊನೆಯ ದಿನಕ್ಕೆ ಕೆಂಪು ಪೆನ್ನಿನಿಂದ ಸುತ್ತು ಹಾಕಿದ. ಅಷ್ಟರೊಳಗೆ ಹಲೀಮಳ ಮಾತು ಮರಳಬೇಕು. ಆಮೇಲೆ ಬಾಗಿಲು ಹಾಕಿದರೆ ಖಲಾಸ್.

ಶೆನ್ ಮೇಷ್ಟ್ರು ಬಂದದ್ದು ನವೆಂಬರಿನಲ್ಲಿ. ಯಜಮಾನರ ತಂದೆ, ಎಂಬತ್ತರ ಹತ್ತಿರದವರು, ಊರಿನಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದವರು. ಚಳಿಗಾಲ ಕಳೆಯಲು ಮಗ ಕರೆಸಿಕೊಂಡಿದ್ದ. ನಲವತ್ತನೇ ಮಹಡಿಯ ಮನೆಯಲ್ಲಿ ಒಬ್ಬರೇ ಕುಳಿತು ಕಿಟಕಿಯಿಂದ ಮೋಡ ನೋಡುವುದು ಬೇಸರವೆಂದು ದಿನಾ ಮಗನ ಕಾರಿನಲ್ಲಿ ಗೋದಾಮಿಗೆ ಬರುತ್ತಿದ್ದರು. ಕೈಯಲ್ಲಿ ಊರುಗೋಲಿನಷ್ಟು ಉದ್ದದ ಕುಂಚ, ತುದಿಗೆ ಸ್ಪಂಜು. ಅದನ್ನು ಬಕೆಟಿನ ನೀರಿನಲ್ಲಿ ಅದ್ದಿ, ಲಾರಿ ಬಂದು ನಿಲ್ಲುವ ಕಾಂಕ್ರೀಟ್ ನೆಲದ ಮೇಲೆ ನೆರಳಿದ್ದ ಕಡೆ ದೊಡ್ಡ ದೊಡ್ಡ ಅಕ್ಷರ ಬರೆಯುವುದು ಅವರ ಬೆಳಗಿನ ಕೆಲಸ. ಚೀನಾದ ಪಾರ್ಕುಗಳಲ್ಲಿ ಮುದುಕರೆಲ್ಲ ಹೀಗೆ ಬರೆಯುತ್ತಾರಂತೆ. ಅಲ್ಲಿ ಅಕ್ಷರ ಸ್ವಲ್ಪ ಹೊತ್ತು ನಿಲ್ಲುತ್ತದೆ. ಇಲ್ಲಿ ಕೊನೆಯ ಅಕ್ಷರ ಬರೆಯುವಷ್ಟರಲ್ಲಿ ಮೊದಲನೆಯದು ಆರಿ ಹೋಗಿರುತ್ತಿತ್ತು.

ಬೆಳಿಗ್ಗೆ ಮೊದಲು ಬರೆಯುತ್ತಿದ್ದುದು ಯಾವಾಗಲೂ ಅವೇ ಒಂಬತ್ತು ಅಕ್ಷರ. ಬರೆಯುತ್ತಾ ಗಟ್ಟಿಯಾಗಿ ಹೇಳುತ್ತಿದ್ದರು: “ಶ್ವೆ ಅರ್ ಶ್ರ್ ಶೀ ಜ್ರ್, ಪೂ ಯೀ ಯ್ವೆ ಹೂ.” ಒಂದು ದಿನ ಯಾಕೂಬ್ ಫೋನ್ ಹಿಡಿದು, ಆರುವ ಮೊದಲೇ ಫೋಟೋ ತೆಗೆದು, ಅನುವಾದದ ಆ್ಯಪ್‌ಗೆ ಕೊಟ್ಟ. ಅದು ಕನ್ನಡದಲ್ಲಿ ಹೇಳಿತು: “ಕಲಿಯಿರಿ ಮತ್ತು ಆಗಾಗ್ಗೆ ಪರಿಶೀಲಿಸಿ. ಸಂತೋಷವಲ್ಲವೇ?”

ಪರಿಶೀಲನೆ ಎಂದರೆ ಸ್ಟೋರ್‌ಕೀಪರನಿಗೆ ಹೇಳಿಕೊಡಬೇಕೆ? ತಿಂಗಳಿಗೊಮ್ಮೆ ರ್‍ಯಾಕು ರ್‍ಯಾಕು ಇಳಿಸಿ, ಇದ್ದದ್ದು ಎಷ್ಟು, ಇಲ್ಲದ್ದು ಎಷ್ಟು ಎಂದು ಟಿಕ್ ಹಾಕುವವನು ಅವನು. ಗೋದಾಮಿನ ಆಫೀಸಿನ ಹ್ಯೂಬರ್ಟನಿಗೆ ತೋರಿಸಿದ. ಮಂಗಳೂರಿನ ಕುಲಶೇಖರದ ಹ್ಯೂಬರ್ಟ್ ಇಂಗ್ಲಿಷಿನಲ್ಲಿ ಪಂಡಿತ, ಕೆಲಸದಲ್ಲಿ ಅಷ್ಟೇನೂ ಅಲ್ಲ. ಇದು ಕನ್ಫ್ಯೂಷಿಯಸನ ಮಾತುಗಳಲ್ಲಿ ಮೊಟ್ಟಮೊದಲನೆಯದು ಮಾರಾಯ್ರೆ, ಎರಡೂವರೆ ಸಾವಿರ ವರ್ಷದ್ದು ಎಂದು ಅವನು ತನ್ನ ಮೇಜಿನ ಕ್ಯಾಲೆಂಡರಿನ ಒಂದು ಹಾಳೆ ಹರಿದುಕೊಟ್ಟ. ಅದರಲ್ಲೂ ಇದೇ ಮಾತು ಇತ್ತು, ಯಾವುದೋ ಹಳೆಯ ಕಾಲದ ಇಂಗ್ಲಿಷಿನಲ್ಲಿ. ಬಿಡದೆ ಹಠದಿಂದ ಕಲಿಯುತ್ತಾ ಇರುವುದು ಹಿತವಲ್ಲವೇ ಎಂದು ಹ್ಯೂಬರ್ಟ್ ಅದನ್ನು ಬಿಡಿಸಿ ಹೇಳಿದ.

“ಹೆಸರೇ ಕನ್ಫ್ಯೂಷಿಯಸ್,” ಎಂದ. “ಇನ್ನೊಬ್ಬರು ಅನುವಾದ ಮಾಡಿದ್ರೆ ಕನ್ಫ್ಯೂಷನ್ ಆಗದೆ ಇರ್‍ತದಾ ಯಾಕೂಬಾಕ?”

ಯಾಕೂಬ್ ನಗಲಿಲ್ಲ. ಹೆಸರಿನಲ್ಲೇ ಅರ್ಧ ‘ಯಾಕೆ’ ಇಟ್ಟುಕೊಂಡವನು, ಎರಡು ಅನುವಾದ ಎರಡು ಬಗೆಯಾಗಿರುವುದು ಯಾಕೆ ಎಂದೂ ಕೇಳಲಿಲ್ಲ. ಒಂದು ಪರಿಶೀಲಿಸು ಎಂದಿತು, ಇನ್ನೊಂದು ಬಿಡಬೇಡ ಎಂದಿತು. ಎರಡೂ ತನಗೇ ಹೇಳಿದ ಹಾಗಿತ್ತು. ಹಾಳೆಯನ್ನು ಮಡಚಿ ಜೇಬಿಗಿಟ್ಟ. ಸಂಜೆ ಗೋದಾಮಿನ ಲೇಬಲ್ ಮೆಷಿನ್ನನ್ನೂ ಕೇಳಿ ಮನೆಗೆ ಒಯ್ದ.

ಅಂದಿನಿಂದ ಆ ಫ್ಲ್ಯಾಟು ಗೋದಾಮಾಯಿತು. ಫ್ರಿಜ್ಜಿನ ಮೇಲೆ ‘ಫ್ರಿಜ್ಜು’, ಬಾಗಿಲಿನ ಮೇಲೆ ‘ಬಾಗಿಲು’, ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’, ಕನ್ನಡಿಯ ಮೇಲೆ ‘ಕನ್ನಡಿ’. ಮುಖ ನೋಡಲು ಬಗ್ಗಿದರೆ ಹಣೆಯ ಮೇಲೇ ಅಕ್ಷರ ಬರುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಸುತ್ತು, ಸಂಜೆ ಬಂದ ಮೇಲೆ ಎರಡು ಸುತ್ತು. ಅವನು ಒಂದೊಂದನ್ನೇ ಮುಟ್ಟಿ ತೋರಿಸುವುದು, ಹಲೀಮ ಹೇಳುವುದು. ಅರವತ್ತು ವಸ್ತು, ಒಂದನ್ನೂ ಬಿಡುವ ಹಾಗಿಲ್ಲ. ತಪ್ಪಿದರೆ ತಿದ್ದಿ, ಮತ್ತೆ ಮೊದಲಿನಿಂದ. ದಿನಕ್ಕೆ ಒಂದು ಸುತ್ತನ್ನು ಫೋನಿನಲ್ಲಿ ವಿಡಿಯೋ ಮಾಡಿ ಅಬುಧಾಬಿಯಲ್ಲಿದ್ದ ಮಗಳು ಮಿಸ್ರಿಯಾಳಿಗೆ ಕಳಿಸುತ್ತಿದ್ದ. ಬ್ಯಾಂಕಿನ ಕೆಲಸದ ನಡುವೆ ಅವಳು ಒಂದೊಂದನ್ನು ನೋಡಿ, ಉಮ್ಮನಿಗೆ ಸುಸ್ತಾದ ಹಾಗೆ ಕಾಣುತ್ತದೆ ಬಾಪ ಎಂದು ಬರೆಯುತ್ತಿದ್ದಳು. ಮಾರ್ಚ್ ಕೊನೆಗೆ ಎಷ್ಟು ದಿನ ಉಳಿದಿದೆ ಎಂದು ಅವನು ತಿರುಗಿ ಬರೆಯುತ್ತಿದ್ದ.

ಸುತ್ತಿನ ಕೊನೆಗೆ ಅವನು ಸ್ವತಃ ಎದುರು ನಿಲ್ಲುತ್ತಿದ್ದ. ಅಂಗಿಯ ಜೇಬಿನ ಮೇಲೆ ತನಗೂ ಒಂದು ಲೇಬಲ್ ಅಂಟಿಸಿಕೊಂಡಿದ್ದ: ‘ಯಾಕೂಬ್’. ಎದೆ ಮುಟ್ಟಿಕೊಂಡು “ನಾನು ಯಾರು?” ಎಂದು ಕೇಳುತ್ತಿದ್ದ. ಉಳಿದ ಐವತ್ತೊಂಬತ್ತೂ ಬರದಿದ್ದರೆ ಹೋಗಲಿ, ಇದೊಂದು ಬರಲಿ ಎಂಬುದು ಅವನ ಒಳಗಿನ ಆಸೆ. ಹೇಳಿಕೊಳ್ಳಲು ನಾಚಿಕೆ.

ಡಿಸೆಂಬರಿನಲ್ಲಿ ಹಲೀಮ ಹದಿನೇಳು ವಸ್ತುಗಳ ಹೆಸರು ಹೇಳಿದಳು. ಜನವರಿಯಲ್ಲಿ ಹನ್ನೊಂದು. ಫೆಬ್ರವರಿ ಹತ್ತಿರ ಬಂದಾಗ, ಅವನ ಕೀಲಿಕೈ ಸದ್ದು ಕೇಳಿದರೆ ಅವಳು ಮಂಚಕ್ಕೆ ಹೋಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಲೇಬಲ್ಲಿಲ್ಲದ್ದು ಆ ಗೋಡೆಯೊಂದೇ. ಮರುದಿನ ಯಾಕೂಬ್ ಅದಕ್ಕೂ ‘ಗೋಡೆ’ ಎಂದು ಅಂಟಿಸಿದ.

ಕ್ಲಿನಿಕ್ಕಿನಲ್ಲಿ ಶರ್ಮಿಳಾ ಮುಖ ಗಂಭೀರ ಮಾಡಿಕೊಂಡು, ಮನೆಯಲ್ಲಿ ಎಷ್ಟು ಹೊತ್ತು ಮಾಡಿಸುತ್ತೀರಿ ಎಂದು ಕೇಳಿದಳು. ಅರ್ಧ ಗಂಟೆ ಎಂದು ಅವನು ಸುಳ್ಳು ಹೇಳಿದ. ಅದೂ ಹೆಚ್ಚಾಯಿತು ಎಂದಳು ಅವಳು.

ಆ ವಾರದಲ್ಲೇ ಒಂದು ಬೆಳಿಗ್ಗೆ ಯಾಕೂಬ್ ಗೋದಾಮಿನ ಮೆಟ್ಟಿಲ ಮೇಲೆ ಕೆಲಸ ಬಿಟ್ಟು ಕುಳಿತಿದ್ದ. ಶೆನ್ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಪಕ್ಕಕ್ಕೆ ಬಂದು ಕುಳಿತರು. ಯಾಕೂಬ್ ತಾನಾಗಿಯೇ ಫೋನ್ ತೆಗೆದು, ಮನೆಯ ಕಥೆಯನ್ನು ತುಂಡು ತುಂಡಾಗಿ ಆ್ಯಪ್‌ಗೆ ಹೇಳಿದ. ಅದು ಚೀನೀ ಭಾಷೆಯಲ್ಲಿ ಒದರುತ್ತಾ ಹೋಯಿತು. ಕೊನೆಗೆ ಜೇಬಿನಿಂದ ಕ್ಯಾಲೆಂಡರಿನ ಹಾಳೆ ತೆಗೆದು, ನೀವು ಬರೆಯುವ ಮಾತಿನ ಹಾಗೆಯೇ ಮಾಡಿದೆ, ಸಂತೋಷ ಮಾತ್ರ ಬರಲಿಲ್ಲ ಎಂದ.

ಮೇಷ್ಟ್ರು ಹಾಳೆಯ ಇಂಗ್ಲಿಷನ್ನು ಫೋನಿನಿಂದ ಓದಿಸಿಕೊಂಡರು. ಎದ್ದು ಕುಂಚ ಅದ್ದಿ ಒಂಬತ್ತು ಅಕ್ಷರ ಬರೆದರು. ಬರೆದು ಒಂದೊಂದನ್ನು ಕೋಲಿನಿಂದ ಮುಟ್ಟಿ, ಫೋನಿನ ಕಡೆ ಬಗ್ಗಿ, ಕ್ಲಾಸಿನಲ್ಲಿ ಹೇಳುವವರ ಹಾಗೆ ಬಿಡಿಸಿ ಬಿಡಿಸಿ ಹೇಳಿದರು. ಆರಿದ್ದನ್ನು ಮತ್ತೆ ಬರೆದರು. ಅಂದು ಲಾರಿಯೊಂದು ಅರ್ಧ ಗಂಟೆ ಹೊರಗೇ ಕಾಯಬೇಕಾಯಿತು.

ಮೊದಲನೆಯದು ಕಲಿಯುವುದು. ಎರಡನೆಯದು ಬರೀ ಕೊಂಡಿ: ಕಲಿತು, ಆಮೇಲೆ. ಮೂರನೆಯ ಅಕ್ಷರದ ಎಡಗಡೆ ಒಂದು ಸೂರ್ಯ ಇದ್ದಾನೆ. ಅದು ಕಾಲ, ಹೊತ್ತು. ಆ ಗುರುವಿನ ಕಾಲದಲ್ಲಿ ಅದಕ್ಕೆ ‘ತಕ್ಕ ಹೊತ್ತಿನಲ್ಲಿ’ ಎಂಬ ಅರ್ಥ ಎಂದು ಬಲ್ಲವರು ಅನೇಕರು ಹೇಳುತ್ತಾರೆ. ನಂತರದವರು ಅದನ್ನು ‘ಆಗಾಗ’ ಮಾಡಿದರು, ‘ಯಾವಾಗಲೂ’ ಮಾಡಿದರು. ಪರದೇಶದವರು ಅದಕ್ಕೆ ಹಠವನ್ನೂ ಸೇರಿಸಿದರು. ನಾಲ್ಕನೆಯ ಅಕ್ಷರದ ತಲೆಯ ಮೇಲೆ ಎರಡು ರೆಕ್ಕೆ. ಹಾರಲು ಕಲಿಯುವ ಮರಿಹಕ್ಕಿ ರೆಕ್ಕೆ ಬಡಿದು ಬಡಿದು ನೋಡುತ್ತದಲ್ಲ, ಅದು ಎಂದು ಹಳೆಯ ನಿಘಂಟು ಹೇಳುತ್ತದೆ. ಪರೀಕ್ಷೆಗೆ ಓದಿದ್ದನ್ನೇ ಓದುವುದಕ್ಕೂ ಈಗ ಇದೇ ಅಕ್ಷರ, ಆದರೆ ಆ ಗುರು ಶಿಷ್ಯರಿಗೆ ಕಲಿಸಿದ್ದು ಸಂಗೀತ, ಬಿಲ್ಲುವಿದ್ಯೆ, ರಥ ಓಡಿಸುವುದು, ಹಿರಿಯರ ಮುಂದೆ ತಲೆಬಾಗುವ ಕ್ರಮ. ಕುಳಿತು ಉರುಹೊಡೆದು ಯಾರು ರಥ ಓಡಿಸಿದ್ದಾರೆ? ಮಾಡಬೇಕಾದ ಹೊತ್ತಿಗೆ ಮಾಡಿಯೇ ನೋಡಬೇಕು. ಐದನೆಯದು ‘ಅದನ್ನು’, ಕಲಿತದ್ದನ್ನು. ಉಳಿದ ನಾಲ್ಕು ಸೇರಿ ‘ಅದೂ ಒಂದು ಸಂತೋಷವಲ್ಲವೇ?’ ಗುರು ಅಪ್ಪಣೆ ಕೊಡಲಿಲ್ಲ. ಕೇಳಿದ, ಅಷ್ಟೇ. ಅಲ್ಲ ಎನ್ನುವವನಿಗೂ ಅಲ್ಲಿ ಜಾಗ ಇದೆ.

ಯಾಕೂಬ್ ನಾಲ್ಕನೆಯ ಅಕ್ಷರದ ಬಳಿ ಕುಕ್ಕುರುಗಾಲಿನಲ್ಲಿ ಕುಳಿತ. ಫೋನಿನಲ್ಲಿ ಬರುವ ಈಗಿನ ಅಕ್ಷರದಲ್ಲಿ ಒಂದೇ ರೆಕ್ಕೆ ಇತ್ತು. ಇನ್ನೊಂದು ಎಲ್ಲಿ ಹೋಯಿತು ಎಂದು ಕೇಳಿದ. ಬರೆಯಲು ಸುಲಭವಾಗಲಿ ಎಂದು ಸರಕಾರ ತೆಗೆಸಿತು ಎಂದರು ಮೇಷ್ಟ್ರು. ಎಂಟನೆಯ ಅಕ್ಷರವನ್ನು ತೋರಿಸಿ ಇನ್ನೊಂದು ಮಾತು ಹೇಳಿದರು. ಇಲ್ಲಿ ಇದನ್ನು ಸಂತೋಷ ಎಂದು ಓದಬೇಕು, ಆದರೆ ಅಂಗಡಿ ಬೀದಿಯಲ್ಲಿ ಇದೇ ಅಕ್ಷರಕ್ಕೆ ಮಾತಾಡುವುದು ಎಂದು ಅರ್ಥ. ಹೃದಯದ ಗುರುತನ್ನು ಪಕ್ಕದಲ್ಲಿಟ್ಟು ಸಂತೋಷಕ್ಕೆ ಬೇರೆ ಅಕ್ಷರ ಬರೆಯುವ ರೂಢಿ ಆಮೇಲೆ ಬಂದದ್ದು.

ಯಾಕೂಬ್ ಆ ಅಕ್ಷರ ಪೂರ್ತಿ ಆರುವ ತನಕ ನೋಡುತ್ತಾ ಕುಳಿತ.

ನಾನು ಮೂವತ್ತಾರು ವರ್ಷ ಮಕ್ಕಳಿಗೆ ‘ಆಗಾಗ ಪರಿಶೀಲಿಸಿ’ ಎಂದೇ ಕಲಿಸಿದೆ, ಪರೀಕ್ಷೆಗೆ ಅದೇ ಬೇಕಿತ್ತು ಎಂದು ಮೇಷ್ಟ್ರು ಫೋನಿಗೆ ಹೇಳಿ, ಒಂದು ಪ್ರಶ್ನೆ ಕೇಳಿದರು. ಆ್ಯಪ್ ಅದನ್ನು ತನ್ನ ತಂತಿಕಂಠದ ಕನ್ನಡದಲ್ಲಿ ಒಪ್ಪಿಸಿತು: “ನೀವು ಹೆಂಡತಿಯಿಂದ ಬಯಸುವ ಮುಖ್ಯ ಪದ ಯಾವುದು? ಆ ಪದ ಆಕೆಗೆ ಮೊದಲು ಯಾವ ಹೊತ್ತಿಗೆ ಬೇಕಾಗುತ್ತಿತ್ತು?”

ಮುಖ್ಯ ಪದ ಯಾವುದೆಂದು ಹೇಳಲು ಯೋಚಿಸಬೇಕಾಗಿರಲಿಲ್ಲ. ನನ್ನ ಹೆಸರು ಎಂದ. ಯಾವ ಹೊತ್ತಿಗೆ ಎಂದು ಲೆಕ್ಕ ಹಾಕತೊಡಗಿದ.

ಯಾವ ಹೊತ್ತಿಗೂ ಇಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ. ಹಲೀಮ ಒಂದು ಸಲವೂ ಅವನನ್ನು ಯಾಕೂಬ್ ಎಂದು ಕರೆದದ್ದಿಲ್ಲ. ಅವಳ ಉಮ್ಮ ಗಂಡನ ಹೆಸರು ಹೇಳಿದವಳಲ್ಲ, ಅಜ್ಜಿಯೂ ಅಲ್ಲ. ವೀಸಾ ಆಫೀಸಿನಲ್ಲಿ ಗಂಡನ ಹೆಸರು ಕೇಳಿದಾಗ ನಾಚಿ ಅವನ ಮುಖ ನೋಡಿದವಳು. ಅವಳು ಕರೆಯುತ್ತಿದ್ದುದು “ಓಯ್”. ಸಂಜೆ ಅವನು ಬಾಲ್ಕನಿಯಲ್ಲಿ ಫೋನ್ ನೋಡುತ್ತಾ ಕುಳಿತಿದ್ದರೆ ಅಡುಗೆ ಮನೆಯಿಂದ “ಓಯ್, ಚಾ”. ಅಷ್ಟೇ. ಅವನು “ಹ್ಞಾ” ಎನ್ನುತ್ತಿದ್ದ.

ಯಾಕೂಬ್ ಗೋದಾಮಿನ ಒಳಗೆ ಹೋದ. ರೇಡಿಯೇಟರ್ ಪೆಟ್ಟಿಗೆಗಳ ಹಿಂದೆ ಕುಳಿತು ಫೋನಿನಲ್ಲಿದ್ದ ವಿಡಿಯೋಗಳನ್ನು ಮೊದಲಿನಿಂದ ಹಾಕಿದ. ಮಗಳಿಗೆ ಕಳಿಸಿದ್ದನೇ ಹೊರತು ತಾನು ಒಂದನ್ನೂ ನೋಡಿರಲಿಲ್ಲ. ಎರಡನೆಯದರ ಕೊನೆಯಲ್ಲಿ ಅವನ ಬೆರಳು ಎದೆಯ ಲೇಬಲ್ಲಿನ ಮೇಲಿತ್ತು. ಹಲೀಮ ಅದನ್ನು ನೋಡಲಿಲ್ಲ, ಅವನ ಮುಖ ನೋಡಿದಳು. ತುಟಿ ದುಂಡಗಾಯಿತು. ಎರಡು ಸಲ ಗಾಳಿ ಬಂತು. ಆಮೇಲೆ ಸಣ್ಣದಾಗಿ, ಸ್ಪಷ್ಟವಾಗಿ:

“ಓ… ಓಯ್.”

ಹೇಳಿ ಅವಳು ನಕ್ಕಳು. ಅರ್ಧ ಮುಖ ಇನ್ನೂ ಮರಗಟ್ಟಿದ್ದ ದಿನಗಳವು, ಆದರೂ ನಗು ಕಣ್ಣಿನವರೆಗೆ ಹೋಗಿತ್ತು. ಅದರ ಮೇಲೆ ಅವನದೇ ದನಿ ಬಂತು, ಗೋದಾಮಿನಲ್ಲಿ ಮಾಲು ತಪ್ಪಿ ಬಂದಾಗ ಡ್ರೈವರನ ಮುಂದೆ ಬರುವ ದನಿ: “ಅಲ್ಲ, ತಪ್ಪು. ಇಲ್ಲಿ ಬರೆದದ್ದು ನೋಡು. ಯಾ… ಕೂ… ಬ್.”

ಮೂರನೆಯದರಲ್ಲೂ ಅವಳು ಓಯ್ ಎಂದಳು. ಐದನೆಯದರಲ್ಲೂ. ಆರನೆಯದರಲ್ಲಿ ನಗಲಿಲ್ಲ. ಒಂಬತ್ತನೆಯದರಲ್ಲಿ ‘ಓ’ ಮಾತ್ರ ಬಂತು, ಅದೂ ತಪ್ಪೆಂದು ಗೊತ್ತಿದ್ದೂ ಹೇಳುವವರ ಹಾಗೆ. ಹದಿಮೂರನೆಯದರಿಂದ ಮುಂದೆ ಬೆರಳು ಎದೆಗೆ ಹೋದ ಕೂಡಲೇ ಅವಳು ತುಟಿ ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಎಂಬತ್ತೇಳು ವಿಡಿಯೋ ಇದ್ದವು. ಉಳಿದದ್ದನ್ನು ಅವನು ನೋಡಲಿಲ್ಲ.

ಅವನು ಕೇಳಿದ್ದನ್ನು ಅವಳು ಎರಡನೇ ದಿನವೇ ಕೊಟ್ಟಿದ್ದಳು. ಕಾಯಿಲೆ ಉಳಿಸಿಹೋದ ಒಂದು ಮಾತನ್ನು ಅವನೇ ಕುಳಿತು ದಿನಕ್ಕೆ ಮೂರು ಸುತ್ತಿನಂತೆ ಕಿತ್ತು ತೆಗೆದಿದ್ದ.

ಆ ಸಂಜೆ ಮನೆಗೆ ಹೋದವನೇ ಲೇಬಲ್ಲುಗಳನ್ನು ಕೀಳಲು ತೊಡಗಿದ. ಗೋದಾಮಿನ ಅಂಟು, ಹಡಗಿನಲ್ಲಿ ತಿಂಗಳಾದರೂ ಬಿಡದಂಥದ್ದು, ಉಗುರಿಗೆ ಬರುತ್ತಿರಲಿಲ್ಲ. ಹಲೀಮ ಮಂಚದಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಹೊಸ ಪರೀಕ್ಷೆಯೇನೋ ಎಂಬ ಹೆದರಿಕೆ ಮುಖದಲ್ಲಿತ್ತು. ಅವನು ಅವಳ ಕಡೆ ತಿರುಗದೆ, “ಇನ್ನು ಕೇಳುದಿಲ್ಲ ಹಲೀಮ. ಯಾವುದನ್ನೂ ಕೇಳುದಿಲ್ಲ,” ಎಂದ.

ಮರುದಿನ ಮೇಷ್ಟ್ರ ಮೂರನೆಯ ಅಕ್ಷರ ಅವನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಮುಸ್ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಹಲೀಮ ಕುರ್ಚಿಯಲ್ಲಿ ಕುಳಿತು ನಮಾಜಿಗೆ ತೊಡಗಿದಳು, ಸೂರಾ ಸರಾಗವಾಗಿ ಬಂತು. ‘ಹೊತ್ತು’ ಎಂಬುದಕ್ಕೆ ಯಾಕೂಬ್ ತನ್ನ ಮನೆಯ ಮಾತು ಕಂಡುಕೊಂಡ. ವಖ್ತ್. ಪ್ರತಿ ನಮಾಜಿಗೂ ಅದರದೇ ವಖ್ತ್ ಉಂಟು; ಮಧ್ಯಾಹ್ನದ ಲುಹರಿನದನ್ನು ಸಂಜೆಯ ಅಸರಿಗೆ, ಅಸರಿನದನ್ನು ಮಗ್ರಿಬಿಗೆ ಒಟ್ಟುಮಾಡಿ ದಿನಕ್ಕೆ ಮೂರು ಸುತ್ತು ಹೊಡೆಯುತ್ತೇನೆ ಎಂದರೆ ಯಾರು ಒಪ್ಪುತ್ತಾರೆ? ಉಪ್ಪು ಎಂಬ ಮಾತಿನ ವಖ್ತ್ ಸಾರು ಕುದಿಯುವಾಗ. ಬಿಸಿ ಎಂಬ ಮಾತಿನದು ಲೋಟ ಮುಟ್ಟಿದಾಗ. ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ನಿನಿಂದ ತನ್ನ ಅನುವಾದ ಬರೆದ: ಕಲಿತದ್ದನ್ನು ಅದರ ವಖ್ತಿಗೆ ಮಾಡಿ ನೋಡುವುದು, ಅದೂ ಒಂದು ಖುಷಿಯಲ್ಲವಾ? ಬರೆದು ‘ಖುಷಿ’ಯ ಮೇಲೆ ಪೆನ್ನು ತುಂಬ ಹೊತ್ತು ಇಟ್ಟುಕೊಂಡ. ಹೊಡೆದು ಹಾಕಲಿಲ್ಲ.

ಕಲಿಸುವುದನ್ನು ಬಿಟ್ಟು ಅವನು ಕಲೆಸುವುದನ್ನು ಹಿಡಿದ. ಅಕ್ಕಿಹಿಟ್ಟು ಕಲೆಸಿ ರೊಟ್ಟಿ ತಟ್ಟುವುದು ಮೂವತ್ತೊಂದು ವರ್ಷದಲ್ಲಿ ಅವನು ಮಾಡದ ಕೆಲಸ. ಹಲೀಮ ಎಡಗೈಯಿಂದ ತೋರಿಸುತ್ತಿದ್ದಳು. ಮೊದಲ ವಾರದ ರೊಟ್ಟಿಗಳು ಯುಎಇಯ ಏಳು ಎಮಿರೇಟುಗಳ ನಕಾಶೆಯಂತೆ ಬಂದವು, ಒಂದೊಂದೂ ಒಂದೊಂದು ಆಕಾರ. ಎರಡನೇ ವಾರ ಅವನು ನೀರು ಸುರಿಯುತ್ತಲೇ ಇದ್ದಾಗ ಅವಳು ಅವನ ಮಣಿಕಟ್ಟು ಹಿಡಿದು “ಸಾ… ಸಾಕು” ಎಂದಳು. ಅವನು ಏನೂ ಆಗದವನಂತೆ ನೀರು ನಿಲ್ಲಿಸಿದ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತ. ಆಮೇಲೆ ಬಿಸಿ ಬಂತು, ಉಪ್ಪು ಬಂತು, ‘ಮೋಳು’ ಎಂದು ಮಗಳನ್ನು ಕರೆಯುವುದು ಬಂತು. ಫೋನಿನ ಆ ಕಡೆ ಮಿಸ್ರಿಯಾ ಬ್ಯಾಂಕಿನಲ್ಲಿ ಗಿರಾಕಿಗಳ ಮುಂದೆಯೇ ಅತ್ತಳಂತೆ.

ಓಯ್ ಬರಲಿಲ್ಲ.

ಅವನು ಕೇಳಲಿಲ್ಲ. ಬಾಲ್ಕನಿಯಲ್ಲಿ ಸುಮ್ಮನೆ ಫೋನ್ ಹಿಡಿದು ಕುಳಿತು, ಅವಳು ಕರೆಯುವ ಹೊತ್ತನ್ನು ಒದಗಿಸಿಕೊಟ್ಟ. ಚಾ ಸಿದ್ಧವಾದರೆ ಅವಳು ಬಾಲ್ಕನಿಯ ಬಾಗಿಲವರೆಗೆ ಬರುತ್ತಿದ್ದಳು. ತುಟಿ ದುಂಡಗಾಗುವುದು ಅವನಿಗೆ ಗಾಜಿನಲ್ಲಿ ಕಾಣುತ್ತಿತ್ತು. ಆಮೇಲೆ ಏನೋ ನೆನಪಾದವಳಂತೆ ತುಟಿ ಬಿಗಿದು, ಬಂದು ಅವನ ಭುಜ ಮುಟ್ಟುತ್ತಿದ್ದಳು.

ಮಾರ್ಚ್ ಕೊನೆಯ ವಾರ ಕ್ಲಿನಿಕ್ಕಿನಲ್ಲಿ ಯಾಕೂಬ್ ಎಲ್ಲವನ್ನೂ ಶರ್ಮಿಳಾಳಿಗೆ ಒಪ್ಪಿಸಿದ. ಲೇಬಲ್ಲು, ಮೂರು ಸುತ್ತು, ಎಂಬತ್ತೇಳು ವಿಡಿಯೋ, ಯಾವುದನ್ನೂ ಬಿಡಲಿಲ್ಲ. ಆ ಮಾತು ಹೋದದ್ದು ನನ್ನಿಂದಲೇ ಅಲ್ಲವಾ ಎಂದು ಕೇಳಿದ. ಶರ್ಮಿಳಾ ಸಮಾಧಾನದ ಸುಳ್ಳು ಹೇಳುವವಳಲ್ಲ.

“ಹೌದು ಅಂತ ಹೇಳ್ಲಿಕ್ಕೂ ನನಗೆ ಗೊತ್ತಿಲ್ಲ ಯಾಕೂಬಾಕ, ಅಲ್ಲ ಅಂತ ಹೇಳ್ಲಿಕ್ಕೂ ಗೊತ್ತಿಲ್ಲ. ಈ ಕಾಯಿಲೆಯಲ್ಲಿ ಇವತ್ತು ಬಂದ ಮಾತು ನಾಳೆ ಹೋಗುದುಂಟು, ಯಾರೂ ಎಂತ ಮಾಡದಿದ್ರೂ. ಆದ್ರೆ ನೀವು ಅದನ್ನು ತಪ್ಪು ಅಂತ ಹೇಳ್ಬಾರದಿತ್ತು.”

ಅವನು ತಲೆಯಾಡಿಸಿದ. ಹೌದು ಎಂದು ಅವಳು ಪೂರ್ತಿ ಹೇಳಿದ್ದರೆ ಹೊರುವುದು ಸುಲಭವಿತ್ತು.

ಶೆನ್ ಮೇಷ್ಟ್ರು ಏಪ್ರಿಲಿನಲ್ಲಿ ಊರಿಗೆ ಹೊರಟರು; ಸೆಖೆ ಶುರುವಾಗಿತ್ತು. ಕೊನೆಯ ದಿನ ಒಂಬತ್ತು ಅಕ್ಷರಗಳಿಗೆ ನಿಲ್ಲಿಸದೆ ಪೂರ್ತಿ ವಚನ ಬರೆದರು. ಒಟ್ಟು ಮೂರು ಪ್ರಶ್ನೆ. ಎರಡನೆಯದಕ್ಕೆ ಆ್ಯಪ್ ಬೇಕಾಗಲಿಲ್ಲ, ಅಷ್ಟರಲ್ಲಿ ಹ್ಯೂಬರ್ಟ್ ಹುಡುಕಿ ಓದಿಟ್ಟಿದ್ದ: ದೂರದಿಂದ ಗೆಳೆಯರು ಬರುವುದು ಆನಂದವಲ್ಲವೇ? ಮೇಷ್ಟ್ರು ಅದನ್ನು ಬರೆದು ಯಾಕೂಬ್‌ನ ಕಡೆ ಕೋಲು ತೋರಿಸಿ ನಕ್ಕರು. ಬಂದದ್ದು ನೀವು, ಗೆಳೆಯ ನಾನು ಹೇಗಾದೆ ಎಂದ ಇವನು. ಮೂರನೆಯದನ್ನು ಬರೆಯುವಾಗ ಮೇಷ್ಟ್ರು ನಗಲಿಲ್ಲ. ಹ್ಯೂಬರ್ಟ್ ಅದನ್ನೂ ಹೇಳಿದ: ತನ್ನನ್ನು ಬೇರೆಯವರು ಅರಿಯದೆ ಹೋದರೂ ಒಳಗೊಳಗೆ ಕುದಿಯದವನು ಸಜ್ಜನನಲ್ಲವೇ?

ಅರಿಯದೆ ಹೋದದ್ದು ದೇಶದ ದೊರೆಗಳು, ಆ ಗುರುವಿಗೆ ಯಾರೂ ಒಳ್ಳೆಯ ಹುದ್ದೆ ಕೊಡಲಿಲ್ಲ, ಅದಕ್ಕೆ ಹೀಗೆ ಎಂದು ಮೇಷ್ಟ್ರು ವಿವರಿಸಿದರು. ಯಾಕೂಬ್‌ಗೆ ದೊರೆ ಯಾರೂ ಕಾಣಲಿಲ್ಲ. ಅರಿಯದೆ ಹೋದವನು ತಾನೇ. ತಪ್ಪು ತಪ್ಪು ಎನ್ನುತ್ತಿದ್ದ ಗಂಡನ ಎದುರು ಐದಾರು ದಿನ ಅದೇ ಮಾತನ್ನು ಮತ್ತೆ ಮತ್ತೆ ಎತ್ತಿ ಕೊಟ್ಟು, ಕೊನೆಗೆ ಸುಮ್ಮನಾದವಳು ಒಂದು ದಿನವೂ ಕೈಯೆತ್ತಿ ಲೋಟ ಎಸೆದಿರಲಿಲ್ಲ. ಬಿಸಿಲು ನೆರಳನ್ನು ತಿನ್ನುತ್ತಾ ಬಂತು. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮೊದಲು ಆರಿತು.

ಆ ಸಂಜೆ ಬಾಲ್ಕನಿಗೆ ಹೋಗುವ ಮೊದಲು ಹಲೀಮ ಅವನನ್ನು ಅಡ್ಡಗಟ್ಟಿದಳು. ಎಡಗೈಯ ಉಗುರಿನಿಂದ ಅವನ ಅಂಗಿಯ ಜೇಬನ್ನು ಕೆರೆದಳು. ಎಷ್ಟೋ ಸಲ ಒಗೆದರೂ ಬಿಡದೆ ಉಳಿದಿದ್ದ ಲೇಬಲ್ಲಿನ ಒಂದು ಮೂಲೆ, ಅದರಲ್ಲಿ ‘ಯಾ’ ಮಾತ್ರ ಅಳಿಯದೆ ಇತ್ತು. ತಾಳ್ಮೆಯಿಂದ ಕೆರೆದು ಕೆರೆದು ಅದನ್ನು ಎಬ್ಬಿಸಿ, ಉಂಡೆ ಮಾಡಿ ಕಸದ ಬುಟ್ಟಿಗೆ ಹಾಕಿದಳು. ಅವನನ್ನು ಹೋಗು ಎಂದು ಕೈಬೀಸಿ ಕಳಿಸಿದಳು.

ಯಾಕೂಬ್ ಬಾಲ್ಕನಿಯಲ್ಲಿ ಕುಳಿತ. ಕೆಳಗೆ ರಸ್ತೆಯಲ್ಲಿ ಶಾಲೆಯ ಬಸ್ಸುಗಳು ಖಾಲಿಯಾಗಿ ಮರಳುತ್ತಿದ್ದವು. ಒಳಗಿನಿಂದ ಚಾ ಕುದಿಯುವ ವಾಸನೆ ಬಂತು. ಗಾಜಿನಲ್ಲಿ ಅವಳ ತುಟಿ ದುಂಡಗಾಗುವುದನ್ನು ನೋಡಬಾರದೆಂದು ಅವನು ಬೆನ್ನು ತಿರುಗಿಸಿದ್ದ.

ಸ್ಟೀಲ್ ಲೋಟಕ್ಕೆ ಚಮಚ ತಾಗಿದ ಸದ್ದು. ಒಂದು ಸಲ ಉದ್ದ, ಒಂದು ಸಲ ಗಿಡ್ಡ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಎರಡು. ಅದು ಕೈತಪ್ಪಿ ಆದದ್ದಲ್ಲ, ಕರೆದದ್ದು ಎಂದು ತಿಳಿಯಲು ಅವನಿಗೆ ಎರಡನೇ ಸಲ ಬೇಕಾಯಿತು.

ಏಳು ತಿಂಗಳು ಅವನು ಕಾದ ಮಾತು ಅದಲ್ಲ. ಆ ಮಾತು ಇನ್ನು ಬರುವುದಿಲ್ಲ ಎಂದು, ತಿದ್ದಿಸಿಕೊಂಡು ಬೇಸತ್ತವಳು ಬೇರೆ ದಾರಿ ಹುಡುಕಿಕೊಂಡಿದ್ದಳು. ಗಂಟಲಿನಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ಲೋಟಕ್ಕೆ ಅನುವಾದಿಸಿದ್ದಳು. ತಪ್ಪು ಎನ್ನಲು ಇದರಲ್ಲಿ ಅಕ್ಷರವಿರಲಿಲ್ಲ.

“ಹ್ಞಾ,” ಎಂದ ಯಾಕೂಬ್. ಎದ್ದು ಒಳಗೆ ಹೋದ.